ಮನೆಯೊಳಗೆ ಸಿಗ್ನಲ್ ಇಲ್ವಾ? ಬೂಸ್ಟರ್ ಕೊಳ್ಳೋ ಮುಂಚೆ ಇದನ್ನ ಕೇಳಿ

ಫೋನ್ ಬಂದ್ರೆ ಅಂಗಳಕ್ಕೆ ಓಡ್ತೀರಾ? ಮನೇಲಿ ಬ್ರಾಡ್‌ಬ್ಯಾಂಡ್ ಇದ್ರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಇಟ್ಟು ಯಾರಿಗಾದ್ರೂ ಫೋನ್ ಮಾಡಿ. ಕರೆ ಹೋದ್ರೆ, ಇನ್ನು ಮನೆಯೊಳಗೆ ಟವರಿನ ಹಂಗಿಲ್ಲ.

ಒಳಕೋಣೆಯಲ್ಲಿ ಮಾತು ತುಂಡಾಗ್ತಿದ್ರೆ ಅಲ್ಲಿಗೆ ವೈಫೈ ಸರಿಯಾಗಿ ತಲುಪ್ತಿಲ್ಲ ಅಂತ. ರೌಟರ್ ಜಾಗ ಬದಲಿಸಿ. ಕರೆಂಟ್ ಹೋದ್ರೆ ರೌಟರೂ ಆಫ್, ಕರೆಯೂ ಕಟ್. ಅದಕ್ಕೊಂದು ಚಿಕ್ಕ ಯುಪಿಎಸ್ ಇರಲಿ.

ಬ್ರಾಡ್‌ಬ್ಯಾಂಡ್ ಇಲ್ವಾ? ಆಗ ಟವರ್ ಸಿಗ್ನಲ್ ಹೆಚ್ಚಿಸೋ ಎಕ್ಸ್‌ಟೆಂಡರ್ ಯೋಚಿಸಬಹುದು. ಆದ್ರೆ ಅದು ಹೊರಗಿನ ಸಿಗ್ನಲ್ಲನ್ನೇ ಒಳಗೆ ತರೋದು. ತಾರಸಿ ಮೇಲೂ ಸಿಗ್ನಲ್ ಇಲ್ಲದಿದ್ರೆ ದುಡ್ಡು ದಂಡ. ಆನ್‌ಲೈನಲ್ಲಿ ತರಿಸಿ ನೀವೇ ಹಾಕ್ಬೇಡಿ. ಅನುಮತಿಯಿಲ್ಲದ ಬೂಸ್ಟರ್ ಭಾರತದಲ್ಲಿ ಕಾನೂನುಬಾಹಿರ, ಅಕ್ಕಪಕ್ಕದವರ ಕರೆಗೂ ಅಡ್ಡಿ. ನಿಮ್ಮ ಸಿಮ್ ಕಂಪನಿಯನ್ನೇ ಕೇಳಿ.