ಆಡಿದವರೇ ಮತ್ತೆ ಯಾಕೆ ಆಡ್ತಾರೆ?

ಅಜ್ಜಂಪುರದಿಂದ ಫೋನ್ ಮಾಡಿದ ತಾಯಿಯೊಬ್ಬರ ಪ್ರಶ್ನೆ: "ಈಗಷ್ಟೇ ಔಟಾದೋರು ಮತ್ತೆ ಬ್ಯಾಟ್ ಹಿಡ್ಕೊಂಡು ಬಂದ್ರಲ್ಲಪ್ಪಾ, ಯಾಕೆ?"

ಅದೇ ಫಾಲೋ-ಆನ್. ಕಡೂರು, ತರೀಕೆರೆ ಮೈದಾನದ ಟೆನಿಸ್ ಬಾಲ್ ಪಂದ್ಯಗಳಲ್ಲಿ ಈ ಮಾತು ಬರಲ್ಲ. ಅಲ್ಲಿ ಒಂದೊಂದೇ ಇನ್ನಿಂಗ್ಸ್. ಟೆಸ್ಟ್‌ನಲ್ಲಿ ಎರಡೆರಡು. ಮೊದಲು ಆಡಿದ ತಂಡ 200 ಅಥವಾ ಹೆಚ್ಚು ರನ್ ಮುಂದಿದ್ದರೆ, ಎದುರಾಳಿಗೆ "ನೀವೇ ಮತ್ತೆ ಆಡಿ" ಅನ್ನಬಹುದು. ನಾಲ್ಕು ದಿನದ ರಣಜಿ ಪಂದ್ಯಕ್ಕೆ 150 ಸಾಕು. ಆದರೆ ಇದು ಕಡ್ಡಾಯವಲ್ಲ, ನಾಯಕನ ಇಷ್ಟ.

ಇಷ್ಟ ಯಾಕೆ ಅಂದ್ರೆ, ಅದರಲ್ಲಿ ಅಪಾಯವಿದೆ. 2001ರ ಮಾರ್ಚ್, ಕೋಲ್ಕತ್ತಾ. ಆಸ್ಟ್ರೇಲಿಯಾ 445, ಭಾರತ 171. ಅಂತರ 274. ಸ್ಟೀವ್ ವಾ ಫಾಲೋ-ಆನ್ ಹೇರಿದರು. ಆಗಷ್ಟೇ ಬೌಲ್ ಮಾಡಿದವರೇ ವಿಶ್ರಾಂತಿಯಿಲ್ಲದೆ ಮತ್ತೆ ಬೌಲ್ ಮಾಡಬೇಕಾಯ್ತು. ಲಕ್ಷ್ಮಣ್ 281, ನಮ್ಮ ದ್ರಾವಿಡ್ 180. ನಾಲ್ಕನೇ ದಿನವಿಡೀ ಒಂದು ವಿಕೆಟ್ಟೂ ಬೀಳಲಿಲ್ಲ! ಭಾರತ 657ಕ್ಕೆ ಡಿಕ್ಲೇರ್. ಹಿಂದಿದ್ದ 274 ಕಳೆದರೆ 383, ಗೆಲ್ಲಲು 384. ಕೊನೆಯ ದಿನ, ಸವೆದ ಪಿಚ್‌ನಲ್ಲಿ, ಹರ್ಭಜನ್ ಎದುರು ಆಸ್ಟ್ರೇಲಿಯಾ 212ಕ್ಕೆ ಆಲೌಟ್. ಗೆಲುವಿನ ಅಂತರವೂ 171, ನೋಡಿ.

ಇನ್ನೆರಡು ಪದ ಕೇಳಿದ್ರು. ಬೌಲರ್ ಲೆಕ್ಕಕ್ಕೆ ಒಂದೂ ರನ್ ಸೇರದ ಪೂರ್ತಿ ಓವರ್ ಮೇಡನ್. ಬೈ, ಲೆಗ್ ಬೈ ಓಡಿದರೂ ಅದು ಮೇಡನ್ನೇ; ವೈಡ್, ನೋಬಾಲ್ ಬಿದ್ದರೆ ಇಲ್ಲ. ಗೂಗ್ಲಿ ಅಂದ್ರೆ, ಲೆಗ್ ಸ್ಪಿನ್ನರ್ ಚೆಂಡು ಬಲಗೈ ಬ್ಯಾಟರ್‌ನಿಂದ ಆಚೆ ತಿರುಗುತ್ತೆ ಅಂತ ಕಾಣಿಸಿ ಒಳಕ್ಕೆ ತಿರುಗಿಸೋದು. ಗುಟ್ಟೆಲ್ಲ ಮಣಿಕಟ್ಟಿನದು. ನಮ್ಮ ಬಿ.ಎಸ್. ಚಂದ್ರಶೇಖರ್ ಅದನ್ನೇ ವೇಗವಾಗಿ ಎಸೀತಿದ್ರು, ಕೈ ನೋಡಿ ತಿಳಿಯೋಷ್ಟರಲ್ಲಿ ಸ್ಟಂಪ್ ಹೋಗಿರ್ತಿತ್ತು.