ಆಷಾಢದಲ್ಲಿ ಕಳಿಸಿದ ಸಂದೇಶ

ನನ್ನ ಜೊತೆ ನಾಲ್ಕು ವರ್ಷ ಮದುವೆ ಮನೆಗಳಲ್ಲಿ ಎರಡನೇ ಕ್ಯಾಮೆರಾ ಹಿಡಿದಿದ್ದ ಮೈಸೂರಿನ ಹುಡುಗ, ಈಗ ಸ್ವಂತವಾಗಿ ಕೆಲಸ ಮಾಡುತ್ತಿದ್ದಾನೆ. ಹೋದ ಆಷಾಢದಲ್ಲಿ ಮನೆಗೆ ಬಂದವನೇ ಫೋನು ನನ್ನ ಕೈಗಿಟ್ಟು, “ಅಣ್ಣ, ಇದೊಂದು ಮೆಸೇಜ್ ನೋಡಿ. ಕಳಿಸಲಾ?” ಅಂದ. ಊರಿನಲ್ಲಿ ಮದುವೆ ಮಾಡಿಸಿಕೊಡುವ ಪ್ಲಾನರ್ ಒಬ್ಬರಿಗೆ ಬರೆದದ್ದು. ಅವರ ಗಿರಾಕಿಗಳಿಗೆ ಅವರು ಇವನ ಹೆಸರು ಹೇಳಬೇಕು, ಒಪ್ಪಿದ ಪ್ರತಿ ಮದುವೆಗೂ ಇವನು ಇಷ್ಟೆಂದು ಕೊಡಬೇಕು; ಒಂದು ಸಲಕ್ಕಲ್ಲ, ಕಾಯಂ ಆಗಿ.

ಬರೆದದ್ದು ಇಷ್ಟೇ: “ಹಾಯ್ ಮೇಡಂ, ನಾನು ವೆಡ್ಡಿಂಗ್ ಫೋಟೊಗ್ರಾಫರ್. ಬೆಸ್ಟ್ ಕ್ವಾಲಿಟಿ, ಬೆಸ್ಟ್ ರೇಟ್. ಕ್ಲೈಂಟ್ ಕಳಿಸಿದರೆ 15 ಪರ್ಸೆಂಟ್ ಕೊಡ್ತೀನಿ.” ಕೆಳಗೆ 24 ಫೋಟೊ.

ಕಳಿಸಬೇಡ ಅಂದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಓದುವವರಿಗೆ ಯಾವ ಭಯವಿದೆಯೋ ಅದರ ಬಗ್ಗೆ ಆ ಸಂದೇಶದಲ್ಲಿ ಒಂದಕ್ಷರವೂ ಇರಲಿಲ್ಲ.

ಪ್ಲಾನರ್ ಜಾಗದಲ್ಲಿ ನಿಂತು ನೋಡಿ. ಹೂವಿನವನು ತಡ ಮಾಡಿದರೆ ದೇವರಾಜ ಮಾರುಕಟ್ಟೆಗೆ ಹುಡುಗನನ್ನು ಓಡಿಸಿ ಹಾರ ತರಿಸಬಹುದು. ಸಾರು ಸಾಲದಿದ್ದರೆ ಭಟ್ಟರು ಏನಾದರೂ ಮಾಡಿ ಸರಿದೂಗಿಸುತ್ತಾರೆ. ಆದರೆ ಅಂತರಪಟ ಸರಿದು, ಜೀರಿಗೆ ಬೆಲ್ಲ ಕೈ ಬಿಟ್ಟ ಆ ಎರಡು ಸೆಕೆಂಡು ತಪ್ಪಿದರೆ ಮತ್ತೆ ಬರುವುದಿಲ್ಲ. ಆಗ ಹುಡುಗಿಯ ತಾಯಿ ಬೈಯುವುದು ಫೋಟೊಗ್ರಾಫರನ್ನಲ್ಲ, “ನೀವೇ ಅಲ್ಲವೇ ಇವರನ್ನು ಕರೆಸಿದ್ದು” ಎಂದು ಪ್ಲಾನರನ್ನು. ಹೆಸರು ಹೇಳುವುದೆಂದರೆ ಒಂದು ರೀತಿ ಜಾಮೀನು ನಿಂತ ಹಾಗೆ. 15 ಪರ್ಸೆಂಟ್ ಆಸೆಗೆ ಗುರುತಿಲ್ಲದವನಿಗೆ ಯಾರು ಜಾಮೀನು ನಿಲ್ಲುತ್ತಾರೆ?

ಇನ್ನೊಂದು ಭಯ ಆರತಕ್ಷತೆಯ ಸಾಲಿನದು. 600 ಜನ ವೇದಿಕೆ ಹತ್ತುತ್ತಾರೆ ಎನ್ನಿ. ನಾಲ್ಕು ನಾಲ್ಕು ಜನರಂತೆ 150 ಗುಂಪು. ಒಂದೊಂದು ಗುಂಪಿಗೆ ಒಂದು ನಿಮಿಷ ಹಿಡಿದರೆ ಎರಡೂವರೆ ಗಂಟೆ. ಅರ್ಧ ನಿಮಿಷಕ್ಕೆ ಮುಗಿಸಿದರೆ ಒಂದೂಕಾಲು ಗಂಟೆ. ಈ ವ್ಯತ್ಯಾಸ ನೇರವಾಗಿ ಊಟದ ಪಂಕ್ತಿಗೆ ಹೋಗಿ ತಟ್ಟುತ್ತದೆ. ಮೊದಲ ಪಂಕ್ತಿ ಖಾಲಿ ಕೂತಿರುತ್ತದೆ, ಕೊನೆಯ ಪಂಕ್ತಿಗೆ ನೂಕುನುಗ್ಗಲು, ಕೈಯಲ್ಲಿ ಉಡುಗೊರೆ ಹಿಡಿದ ಹಿರಿಯರು ಕಾಲು ನೋವೆಂದು ಫೋಟೊ ಬಿಟ್ಟು ಊಟಕ್ಕೆ ನಡೆದುಬಿಡುತ್ತಾರೆ. ವೇದಿಕೆಯ ಮೆಟ್ಟಿಲ ಬಳಿ ಒಬ್ಬ ಸಹಾಯಕ ನಿಂತು ಮುಂದಿನ ಗುಂಪನ್ನು ಕೆಳಗೇ ಜೋಡಿಸಿ ಕಳಿಸಿದರೆ, ದೀಪಗಳನ್ನು ಮೊದಲೇ ಸ್ಟ್ಯಾಂಡಿಗೆ ಹಾಕಿ ಅಲ್ಲಾಡಿಸದೆ ಬಿಟ್ಟರೆ, ಅರ್ಧ ನಿಮಿಷ ಸಾಕು. ಹುಡುಗ ಇದನ್ನು ಮಾಡುತ್ತಲೇ ಇದ್ದ. ಬರೆಯಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಇನ್ನು ದುಡ್ಡಿನ ಮಾತು. ಅವನ ಎರಡು ದಿನದ ಪ್ಯಾಕೇಜು 90,000 ರೂಪಾಯಿ. ಕಾಗದ ತೆಗೆದು ಬರೆಸಿದೆ. ಎರಡನೇ ಫೋಟೊಗ್ರಾಫರಿಗೆ 16,000, ವಿಡಿಯೊದವನಿಗೆ 20,000, ಎರಡು ಆಲ್ಬಮ್ಮಿಗೆ 18,000, ವಿಡಿಯೊ ಎಡಿಟಿಂಗಿಗೆ 12,000, ಓಡಾಟ ಮತ್ತು ಸಹಾಯಕನಿಗೆ 4,000. ಉಳಿದದ್ದು 20,000. ಅದರಲ್ಲಿ 15 ಪರ್ಸೆಂಟ್ ಎಂದರೆ 13,500 ಕೊಟ್ಟರೆ ಕೈಗೆ 6,500. ಎರಡು ದಿನದ ನಿದ್ದೆ ಬಿಟ್ಟು, ಆಮೇಲೆ ವಾರವಿಡೀ ಫೋಟೊ ಆರಿಸಿ ತಿದ್ದುವ ಕೆಲಸಕ್ಕೆ ಅಷ್ಟು. ಎರಡನೇ ಮದುವೆಯ ಹೊತ್ತಿಗೆ ಅವನು ಆಲ್ಬಮ್ಮಿನ ಕಾಗದ ತೆಳ್ಳಗೆ ಮಾಡುತ್ತಾನೆ, ಇಲ್ಲವೇ ಗಿರಾಕಿಗೆ ರೇಟು ಏರಿಸುತ್ತಾನೆ. ಎರಡೂ ಪ್ಲಾನರ್ ತಲೆಗೇ ಬರುತ್ತವೆ. ಅನುಭವಸ್ಥರು ದೊಡ್ಡ ಪರ್ಸೆಂಟೇಜ್ ಕಂಡರೆ ಹಿಂದೆ ಸರಿಯುವುದು ಇದಕ್ಕೇ. 10 ಎಂದರೆ 9,000. ಕೈಗೆ 11,000 ಉಳಿಯುತ್ತದೆ. ಅದಕ್ಕಿಂತ ಮೇಲೆ ಹೋಗಬೇಡ ಅಂದೆ. ನೇರವಾಗಿ ಬಂದವರಿಗೂ ಪ್ಲಾನರ್ ಮೂಲಕ ಬಂದವರಿಗೂ ಒಂದೇ ರೇಟು ಎಂದು ಬರೆ ಅಂದೆ. ಗಿರಾಕಿ ಎರಡು ಕಡೆ ವಿಚಾರಿಸಿ ಬೇರೆ ಬೇರೆ ರೇಟು ಕೇಳಿದ ದಿನ ಇಬ್ಬರ ಮೇಲಿನ ನಂಬಿಕೆಯೂ ಹೋಗುತ್ತದೆ.

ಅವತ್ತು ಸಂಜೆ ಕೂತು ಬರೆದದ್ದು ಹೀಗಿತ್ತು:

“ನಮಸ್ಕಾರ ಮೇಡಂ. ಕಳೆದ ವೈಶಾಖದಲ್ಲಿ ನಂಜನಗೂಡು ರಸ್ತೆಯ ಛತ್ರದಲ್ಲಿ ನೀವು ಮಾಡಿಸಿದ ಮದುವೆಯಲ್ಲಿ ನಾನು ಗಂಡಿನ ಕಡೆಯ ಫೋಟೊ ತೆಗೆಯುತ್ತಿದ್ದೆ. ಅಡಿಕೆ ಹೊಂಬಾಳೆಯ ಆ ಮಂಟಪದ ಮೂರು ಫೋಟೊ ಕೆಳಗಿವೆ. ನಿಮ್ಮ ಮದುವೆಗಳಿಗೆ ಕಾಯಂ ಫೋಟೊಗ್ರಾಫರ್ ಬೇಕಿದ್ದರೆ ನನ್ನನ್ನು ಪರಿಗಣಿಸಬೇಕೆಂದು ಕೇಳಿಕೊಳ್ಳುತ್ತೇನೆ. ಪ್ರತಿ ಫೋಟೊ ಎರಡು ಕಾರ್ಡಿನಲ್ಲಿ ಒಟ್ಟಿಗೆ ಸೇವ್ ಆಗುತ್ತದೆ. ನನಗೆ ಹುಷಾರಿಲ್ಲದಿದ್ದರೆ ಬರುವವರ ಹೆಸರು, ನಂಬರ್ ಮೊದಲೇ ಕೊಡುತ್ತೇನೆ. ಆರತಕ್ಷತೆಯಲ್ಲಿ ಒಂದು ಗುಂಪಿಗೆ ಅರ್ಧ ನಿಮಿಷ, ಊಟಕ್ಕೆ ತಡವಾಗುವುದಿಲ್ಲ. ಗಿರಾಕಿ ಒಪ್ಪಿದರೆ ಮಂಟಪ, ಅಲಂಕಾರದ 30 ಫೋಟೊ ಎರಡು ದಿನದಲ್ಲಿ ನಿಮಗೆ. ಗಿರಾಕಿಯಿಂದ ಪೂರ್ತಿ ಹಣ ಬಂದ ವಾರದೊಳಗೆ ನಿಮಗೆ 10 ಪರ್ಸೆಂಟ್. ಯಾರ ಮೂಲಕ ಬಂದರೂ ರೇಟು ಒಂದೇ. ಮೊದಲು ಒಂದು ಸಣ್ಣ ಸಮಾರಂಭ ಕೊಟ್ಟು ನೋಡಿ. ಈ ವಾರ ಹತ್ತು ನಿಮಿಷ ಬಂದು ಒಂದು ಪೂರ್ತಿ ಆಲ್ಬಂ ತೋರಿಸಲೇ?”

24 ಫೋಟೊ ಮೂರಕ್ಕಿಳಿದವು. ಆ ಮೂರೂ ಅವರದೇ ಕೆಲಸದವು, ಹಾಗಾಗಿ ಅವರು ತೆರೆದು ನೋಡದೆ ಇರಲಾರರು. ಅಲಂಕಾರದ ಚಿತ್ರಗಳು ಪ್ಲಾನರಿಗೆ ಎಷ್ಟು ಬೇಕು ಎಂಬುದು ಫೋಟೊದವರಿಗೆ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ. ಬೆಳಗಿನ ಜಾವ ಜನ ಬರುವ ಮೊದಲು, ಹೂವು ಬಾಡುವ ಮೊದಲು, ಪ್ಲಾಸ್ಟಿಕ್ ಕುರ್ಚಿ ಮಂಟಪದ ಮುಂದೆ ಬರುವ ಮೊದಲು ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಗ ತೆಗೆದ ಚಿತ್ರ ತೋರಿಸಿಯೇ ಅವರು ಮುಂದಿನ ಮದುವೆ ಹಿಡಿಯುವುದು. ಎಷ್ಟೋ ಪ್ಲಾನರುಗಳಿಗೆ 9,000 ರೂಪಾಯಿಗಿಂತ ಇದೇ ಹೆಚ್ಚು.

“ಗಿರಾಕಿ ಒಪ್ಪಿದರೆ” ಎಂಬ ಮಾತನ್ನು ನಾನೇ ಹಟ ಹಿಡಿದು ಸೇರಿಸಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ, ತೆಗೆದವರದಲ್ಲ. ಪ್ಲಾನರಿಗೆ ಕೊಡುವೆನೆಂದು ಮಾತು ಕೊಟ್ಟರೆ ಸಾಲದು, ಬುಕಿಂಗ್ ಕಾಗದದಲ್ಲಿ ಅದಕ್ಕೊಂದು ಸಾಲು ಹಾಕಿ ಮನೆಯವರ ಸಹಿ ಪಡೆದಿರಬೇಕು. ಅನುಮತಿ ಇಲ್ಲದೆ ಹುಡುಗಿಯ ಮುಖ ಯಾರದೋ ಜಾಹೀರಾತಿನಲ್ಲಿ ಕಾಣಿಸಿಕೊಂಡರೆ ಆ ಮನೆಯವರಿಗೆ ಆಗುವ ನೋವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಆಷಾಢದಲ್ಲೇ ಕಳಿಸಿದ್ದು ಒಳ್ಳೆಯದಾಯಿತು. ಮದುವೆಗಳಿಲ್ಲದ ಆ ತಿಂಗಳಲ್ಲಿ ಪ್ಲಾನರ್ ಫೋನಿಗೆ ಬಿಡುವಿರುತ್ತದೆ, ಶ್ರಾವಣದ ಸಿದ್ಧತೆಯೂ ತಲೆಯಲ್ಲಿರುತ್ತದೆ. ಆದರೂ ಒಂಬತ್ತು ದಿನ ಉತ್ತರವಿಲ್ಲ. ಹತ್ತನೇ ದಿನ ಒಂದೇ ಸಾಲಿನಲ್ಲಿ ನೆನಪಿಸಿದ, ಅದಕ್ಕಿಂತ ಹೆಚ್ಚು ಬೇಡವೆಂದು ನಾನು ತಡೆದಿದ್ದೆ. ಸಂಜೆಗೆ ಉತ್ತರ ಬಂತು. ರೇಟಿನ ಬಗ್ಗೆ ಒಂದು ಮಾತಿಲ್ಲ. “ಹುಷಾರಿಲ್ಲದಿದ್ದರೆ ಬರುತ್ತಾರೆ ಅಂದಿರಲ್ಲ, ಅವರು ತೆಗೆದ ಫೋಟೊ ತೋರಿಸಿ” ಎಂದಿತ್ತು.

ಅವನು ಗೆಳೆಯನನ್ನೂ ಕರೆದುಕೊಂಡು ಎರಡು ಆಲ್ಬಂ ಹಿಡಿದು ಹೋದ. ಶ್ರಾವಣದ ಒಂದು ಉಪನಯನ ಸಿಕ್ಕಿತು, 14,000 ರೂಪಾಯಿಯದು. ಅದರ ಹಣ ಪೂರ್ತಿ ಬಂದ ಮೂರನೇ ದಿನಕ್ಕೆ 1,400 ರೂಪಾಯಿ ಕಳಿಸಿ, ಕಳಿಸಿದ ರಸೀದಿಯನ್ನು ನನಗೂ ತೋರಿಸಿದ. ಕಾರ್ತಿಕದ ಎರಡು ಮದುವೆಗಳ ತಾರೀಕು ಕೇಳಿ ಅವರ ಫೋನು ಬಂದಿದ್ದು ಅದರ ಮರುವಾರ.