ಮೂರು ಕಾರ್ಡು, ಒಂದು ಲಕ್ಷದ ಅಡ್ವಾನ್ಸು

ಟ್ಯಾರೋ ಕಾರ್ಡು ನೋಡುವವರಲ್ಲಿ ನೋಟ್‌ಬುಕ್ ಇಟ್ಟುಕೊಳ್ಳುವ ರೂಢಿ ಉಂಟು. ಯಾವ ಪ್ರಶ್ನೆ ಕೇಳಿಕೊಂಡೆ, ಯಾವ ಕಾರ್ಡು ಬಂತು, ಅದನ್ನು ಹೇಗೆ ಓದಿದೆ ಎಂದು ಅದರಲ್ಲಿ ಬರೆದಿಡುತ್ತಾರೆ. ಮೂರೋ ಆರೋ ತಿಂಗಳು ಕಳೆದ ಮೇಲೆ ಹಿಂದಿನ ಪುಟಗಳನ್ನು ತಿರುವಿ, ಎಷ್ಟು ನಿಜವಾಯಿತು ಎಂದು ನೋಡುತ್ತಾರೆ. ಹಾಗೆ ತಿರುವಿದಾಗ ಸಾಮಾನ್ಯವಾಗಿ ಮೈ ಜುಮ್ಮೆನ್ನುತ್ತದೆ. ಅಬ್ಬಾ, ಎಲ್ಲವನ್ನೂ ಮೊದಲೇ ಹೇಳಿತ್ತಲ್ಲ! ಆ ಜುಮ್ಮು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಬೆಂಗಳೂರಿನ ಒಂದು ಬಾಡಿಗೆ ಮನೆಯ ಕತೆ ಸಾಕು.

ಮೊದಲು ಕಾರ್ಡುಗಳ ಬಗ್ಗೆ ಎರಡು ಮಾತು. ಟ್ಯಾರೋ ಕಟ್ಟಿನಲ್ಲಿ 78 ಕಾರ್ಡುಗಳಿವೆ. 15ನೇ ಶತಮಾನದ ಇಟಲಿಯಲ್ಲಿ ಇದು ನಮ್ಮ ಇಸ್ಪೀಟಿನ ಹಾಗೆ ಬರೀ ಆಟ. ಭವಿಷ್ಯ ಹೇಳುವ ಕೆಲಸಕ್ಕೆ ಇದು ಹೆಸರಾದದ್ದು ಮುನ್ನೂರು ವರ್ಷ ಬಿಟ್ಟು, ಫ್ರಾನ್ಸಿನಲ್ಲಿ. ಇವತ್ತು ನಮ್ಮಲ್ಲಿ ಹೆಚ್ಚಾಗಿ ಕಾಣುವ ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದವು. ಆರ್ಥರ್ ಎಡ್ವರ್ಡ್ ವೇಟ್ ಎಂಬಾತನ ಮಾರ್ಗದರ್ಶನದಲ್ಲಿ ತಯಾರಾದ ಆ ಕಟ್ಟು 1909ರಲ್ಲಿ ಲಂಡನ್ನಿನಿಂದ ಹೊರಬಂತು. ಹೆಚ್ಚಿನ ಕಾರ್ಡುಗಳಲ್ಲಿ ಮನುಷ್ಯರಿರುವ ಒಂದು ಸಣ್ಣ ದೃಶ್ಯ ಇಟ್ಟದ್ದು ಆಕೆಯ ಹೆಚ್ಚುಗಾರಿಕೆ. ದೃಶ್ಯ ಇದ್ದಲ್ಲಿ ಕತೆ ಹುಟ್ಟುತ್ತದೆ, ಮತ್ತು ಕತೆಯನ್ನು ಯಾವ ದಿಕ್ಕಿಗೂ ತಿರುಗಿಸಬಹುದು.

ಈಗ ಬಾಡಿಗೆ ಮನೆ. ಒಬ್ಬಾಕೆ ಮೇ ತಿಂಗಳಲ್ಲಿ ಮನೆ ಖಾಲಿ ಮಾಡಿದಳು ಎಂದಿಟ್ಟುಕೊಳ್ಳಿ. ಬಾಡಿಗೆ 20,000, ಕೊಟ್ಟಿದ್ದ ಅಡ್ವಾನ್ಸು 1,20,000. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. ಅದು ಹೋದರೆ ಒಂದು ಲಕ್ಷ ವಾಪಸು ಬರಬೇಕು. ಹೊಸ ಬಾಡಿಗೆದಾರರು ಬಂದ ಮೇಲೆ, ಜುಲೈ ಕೊನೆಯೊಳಗೆ ಕೊಡುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ. ‘ನನ್ನ ದುಡ್ಡು ಬರುತ್ತಾ?’ ಎಂದು ಕೇಳಿಕೊಂಡು ಆಕೆ ಮೂರು ಕಾರ್ಡು ತೆಗೆದಳು.

ಮೊದಲನೆಯದು ಸಿಕ್ಸ್ ಆಫ್ ಪೆಂಟಕಲ್ಸ್. ಶ್ರೀಮಂತನೊಬ್ಬ ಒಂದು ಕೈಯಲ್ಲಿ ತಕ್ಕಡಿ ಹಿಡಿದು, ಇನ್ನೊಂದು ಕೈಯಿಂದ ಮಂಡಿಯೂರಿದ ಬಡವರಿಗೆ ನಾಣ್ಯ ಹಾಕುತ್ತಿದ್ದಾನೆ. ಎರಡನೆಯದು ಸೆವೆನ್ ಆಫ್ ಸ್ವೋರ್ಡ್ಸ್. ಡೇರೆಗಳ ಹತ್ತಿರದಿಂದ ಒಬ್ಬ ತುದಿಗಾಲಲ್ಲಿ ಐದು ಕತ್ತಿ ಅಪ್ಪಿಕೊಂಡು ನುಸುಳುತ್ತಿದ್ದಾನೆ, ಎರಡು ಕತ್ತಿ ನೆಲದಲ್ಲೇ ಉಳಿದಿವೆ. ಮೂರನೆಯದು ಜಸ್ಟಿಸ್. ಕತ್ತಿ, ತಕ್ಕಡಿ ಹಿಡಿದು ಕುಳಿತ ನ್ಯಾಯಮೂರ್ತಿ. ಆಕೆ ಬರೆದುಕೊಂಡದ್ದು ಇಷ್ಟು: ‘ಹಣದ ಚಲನೆ ಇದೆ. ಎದುರಿನವರು ಪೂರ್ತಿ ನೇರ ಅಲ್ಲ, ಎಚ್ಚರ. ಕೊನೆಗೆ ನ್ಯಾಯ ಸಿಗುತ್ತದೆ.’

ಆಗಿದ್ದು ಹೀಗೆ. ಜುಲೈ 31ರೊಳಗೆ 60,000 ಬಂತು. ಆಗಸ್ಟ್ 12ಕ್ಕೆ ಇನ್ನೊಂದು 25,000. ನಲ್ಲಿ ರಿಪೇರಿ, ಕ್ಲೀನಿಂಗ್ ಎಂದು 15,000 ಹೋಯಿತು. ನವೆಂಬರಿನಲ್ಲಿ ಆಕೆ ನೋಟ್‌ಬುಕ್ ತೆಗೆದರೆ ಮೂರೂ ಕಾರ್ಡಿಗೆ ಟಿಕ್ ಬೀಳುತ್ತದೆ. ಹಣ ಬಂತು. ಮಾಲೀಕರು ಒಂದಷ್ಟನ್ನು ಬಗಲಲ್ಲಿಟ್ಟುಕೊಂಡು ನುಸುಳಿದರು. ಹೆಚ್ಚು ಪಾಲು ಸಿಕ್ಕಿತಲ್ಲ, ಅದು ನ್ಯಾಯ.

ಸರಿ, ಒಂದು ಲಕ್ಷವೂ ಹೇಳಿದ ದಿನಕ್ಕೇ ಬಂದಿದ್ದರೆ? ಮೊದಲ ಮತ್ತು ಮೂರನೆಯ ಕಾರ್ಡಿಗೆ ನೇರವಾಗಿ ಟಿಕ್. ನಡುವಿನದು ಎಚ್ಚರಿಕೆ, ಎಚ್ಚರದಿಂದ ಎರಡು ಸಲ ಫೋನ್ ಮಾಡಿದ್ದಕ್ಕೇ ಹಣ ಬಂದದ್ದು, ಟಿಕ್. ಬಿಡಿಗಾಸೂ ಬರದಿದ್ದರೆ? ಕಳ್ಳನ ಕಾರ್ಡು ಸ್ಪಷ್ಟವಾಗಿ ಹೇಳಿತ್ತು. ಮೊದಲ ಕಾರ್ಡಿನಲ್ಲಿ ಮಂಡಿಯೂರಿದವಳು ನಾನೇ. ಜಸ್ಟಿಸ್ ಎಂದರೆ ಕೋರ್ಟಿಗೆ ಹೋಗು ಎಂದರ್ಥ. ಮೂರು ಬೇರೆ ಬೇರೆ ಫಲಿತಾಂಶ, ಮೂರಕ್ಕೂ ಪೂರ್ತಿ ಅಂಕ. ತಪ್ಪಲು ಜಾಗವೇ ಇಲ್ಲದ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದರೆ ತಿರುವಿ ನೋಡಿ ಪ್ರಯೋಜನವಿಲ್ಲ. ಆಕೆ ಮೋಸ ಮಾಡಿಕೊಳ್ಳುತ್ತಿಲ್ಲ. ಬರೆಯುವಾಗಲೇ ಪರೀಕ್ಷೆ ಕೈತಪ್ಪಿತ್ತು, ಅಷ್ಟೆ.

ಇದರ ಮೇಲೆ ನೆನಪಿನ ಆಟ ಬೇರೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ರಷ್ಯಾಕ್ಕೂ ಹೊರಟಾಗ, ಇಸ್ರೇಲಿನಲ್ಲಿ ಬಾರೂಖ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಕೆಲವು ಪ್ರಶ್ನೆ ಕೊಟ್ಟರು. ನಿಕ್ಸನ್ ಮಾವೋನನ್ನು ಭೇಟಿಯಾಗುವ ಸಾಧ್ಯತೆ ಎಷ್ಟು ಎಂಬಂಥವು. ಉತ್ತರ ಶೇಕಡಾವಾರಿನಲ್ಲಿ ಇರಬೇಕಿತ್ತು. ಪ್ರವಾಸ ಮುಗಿದ ಮೇಲೆ ಅದೇ ವಿದ್ಯಾರ್ಥಿಗಳನ್ನು, ನೀವು ಆಗ ಎಷ್ಟೆಂದು ಬರೆದಿದ್ದಿರಿ, ನೆನಪಿಸಿಕೊಳ್ಳಿ ಎಂದು ಕೇಳಿದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಹೆಚ್ಚು ಸಾಧ್ಯತೆ ಕೊಟ್ಟಿದ್ದಾಗಿ ವಿದ್ಯಾರ್ಥಿಗಳು ನೆನಪಿಸಿಕೊಂಡರು. ಕೆಲವು ವಾರ ಬಿಟ್ಟು ಕೇಳಿದವರಿಗಿಂತ ಕೆಲವು ತಿಂಗಳು ಬಿಟ್ಟು ಕೇಳಿದವರಲ್ಲಿ ಈ ವಾಲಿಕೆ ಹೆಚ್ಚಾಗಿತ್ತು. ಈ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ನಮ್ಮ ‘ನನಗೆ ಮೊದಲೇ ಗೊತ್ತಿತ್ತು’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನೋಟ್‌ಬುಕ್ಕಿನ ನಿಜವಾದ ಉಪಯೋಗ ಇರುವುದು ಇಲ್ಲೇ: ಮೇ ತಿಂಗಳ ನಿಮ್ಮನ್ನು ನವೆಂಬರಿನ ನೀವು ತಿದ್ದಲಾಗದಂತೆ ಅದು ಹಿಡಿದಿಡಬೇಕು.

ಅದಕ್ಕೆ ನಮೂದಿನ ರೂಪ ಸ್ವಲ್ಪ ಬದಲಾಗಬೇಕು. ಕಾರ್ಡು ಮುಟ್ಟುವ ಮೊದಲೇ ಒಂದು ಸಾಲು ಬರೆಯಿರಿ: ‘ಜುಲೈ 31ರೊಳಗೆ 1,00,000 ರೂಪಾಯಿ ಪೂರ್ತಿ ನನ್ನ ಖಾತೆಗೆ ಬರುತ್ತದೆ.’ ಮೂರನೆಯವರು ಬ್ಯಾಂಕ್ ಪಾಸ್‌ಬುಕ್ ನೋಡಿ ಹೌದು ಅಥವಾ ಇಲ್ಲ ಎನ್ನಬಹುದಾದ ವಾಕ್ಯ ಅದಾಗಿರಬೇಕು. ಅದರ ಪಕ್ಕದಲ್ಲಿ, ಕಾರ್ಡಿನ ಹಂಗಿಲ್ಲದೆ ನಿಮಗೇ ಎಷ್ಟು ಭರವಸೆ ಇದೆ ಎಂದು ಶೇಕಡಾವಾರು ಹಾಕಿ. 60 ಎಂದಿಟ್ಟುಕೊಳ್ಳೋಣ. ಆಮೇಲೆ ಕಾರ್ಡು ತೆಗೆಯಿರಿ, ಓದಿ, ಬೇಕಾದಷ್ಟು ಬರೆದುಕೊಳ್ಳಿ. ತಲೆಕೆಳಗಾಗಿ ಬಂದಿದ್ದರೆ ಅದನ್ನೂ ಗುರುತು ಹಾಕಿ. ಕೊನೆಯಲ್ಲಿ ಎರಡನೆಯ ಅಂಕಿ: ಕಾರ್ಡು ನೋಡಿದ ಮೇಲೆ ಭರವಸೆ ಎಷ್ಟಾಯಿತು? ಜಸ್ಟಿಸ್ ನೋಡಿ ಧೈರ್ಯ ಬಂದು 80 ಆಯಿತು ಎನ್ನಿ.

ಈ ಎರಡು ಅಂಕಿಗಳ ನಡುವಿನ ಅಂತರವೇ ಕಾರ್ಡಿನ ಕೊಡುಗೆ. ಉಳಿದದ್ದು ಮಾಲೀಕರ ಸ್ವಭಾವ ಬಲ್ಲ ಯಾರಿಗಾದರೂ ಇರುವ ತಿಳುವಳಿಕೆ. ಕಾರ್ಡು ನೋಡುವವರು ಸಾಮಾನ್ಯವಾಗಿ ಬಿಟ್ಟುಬಿಡುವುದೂ ಈ ಮೊದಲ ಅಂಕಿಯನ್ನೇ.

ಅಂಕ ಕೊಡಲು ಅಮೆರಿಕದ ಹವಾಮಾನ ಇಲಾಖೆಯಲ್ಲಿದ್ದ ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ಲೆಕ್ಕವೇ ಸಾಕು. ಮಳೆ ಬರುವ ಸಾಧ್ಯತೆ ಇಷ್ಟು ಎನ್ನುವವರ ಮಾತು ಎಷ್ಟು ನಂಬಬಹುದು ಎಂದು ಅಳೆಯಲು ಹುಟ್ಟಿದ್ದು ಅದು. ಹೇಳಿದ್ದು ನಡೆದರೆ 1, ನಡೆಯದಿದ್ದರೆ 0. ನೀವು ಹೇಳಿದ ಸಾಧ್ಯತೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ. ನಮ್ಮ ಕತೆಯಲ್ಲಿ ಜುಲೈ 31ಕ್ಕೆ ಪೂರ್ತಿ ಹಣ ಬರಲಿಲ್ಲ, ಅಂದರೆ 0. ಕಾರ್ಡಿಗೆ ಮುಂಚಿನ 0.6ನ್ನು 0.6ರಿಂದ ಗುಣಿಸಿದರೆ 0.36. ಕಾರ್ಡಿನ ನಂತರದ 0.8ಕ್ಕೆ 0.64. ಈ ಆಟದಲ್ಲಿ ಕಡಿಮೆ ಅಂಕ ಬಂದವರೇ ಗೆದ್ದವರು. ಏನೂ ಗೊತ್ತಿಲ್ಲ ಎಂದು ಯಾವಾಗಲೂ 50 ಹೇಳುವವರಿಗೆ ಪ್ರತಿ ಸಲ 0.25 ಬೀಳುತ್ತದೆ, ಹಾಗಾಗಿ ಅದನ್ನು ದಾಟುವುದೂ ಒಂದು ಸಾಧನೆಯೇ. ಮೂರೂ ಟಿಕ್ ಪಡೆದಿದ್ದ ಅದೇ ರೀಡಿಂಗ್ ಇಲ್ಲಿ ಆಕೆಯ ಊಹೆಯನ್ನು ಕೆಡಿಸಿದೆ.

ಒಂದೇ ನಮೂದಿನಿಂದ ತೀರ್ಪು ಕೊಡುವಂತಿಲ್ಲ. ಮೂವತ್ತು, ನಲವತ್ತು ನಮೂದು ಸೇರಿದ ಮೇಲೆ ಎರಡೂ ಕಾಲಮ್ಮಿನ ಸರಾಸರಿ ಪಕ್ಕಪಕ್ಕ ಇಟ್ಟು ನೋಡಬೇಕು. ಕಾರ್ಡಿನ ನಂತರದ ಸರಾಸರಿ ಗಮನಿಸುವಷ್ಟು ಇಳಿದಿದ್ದರೆ ಕಾರ್ಡಿಗೆ ಏನೋ ಗೊತ್ತಿದೆ ಎಂಬ ವಾದಕ್ಕೆ ಆಗ ಬೆಲೆ. ಇಳಿಯುತ್ತದೆ ಎಂಬ ನಿರೀಕ್ಷೆ ನನಗಂತೂ ಇಲ್ಲ. ಕಲಸಿದ ಕಟ್ಟಿಗೆ ಮಾಲೀಕರ ಬ್ಯಾಂಕ್ ಖಾತೆಯ ಸುದ್ದಿ ತಲುಪುವ ದಾರಿ ಯಾವುದೂ ನನಗೆ ತೋಚುವುದಿಲ್ಲ.

ಅಂಕಿ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ, ಅದಕ್ಕೆ ಒಬ್ಬ ಗೆಳೆಯನೋ ಗೆಳತಿಯೋ ಬೇಕು. ಒಂದೇ ವಿಷಯದ ಆರು ರೀಡಿಂಗ್ ಆರಿಸಿಕೊಳ್ಳಿ, ಉದಾಹರಣೆಗೆ ಆರು ಬೇರೆ ಬೇರೆ ವಾರ ಆಫೀಸಿನ ಬಗ್ಗೆ ನೋಡಿದವು. ರೀಡಿಂಗುಗಳನ್ನು ಆರು ಚೀಟಿಯಲ್ಲಿ, ಆಯಾ ವಾರ ನಡೆದದ್ದನ್ನು ಇನ್ನಾರು ಚೀಟಿಯಲ್ಲಿ ಬರೆದು, ಯಾವುದಕ್ಕೆ ಯಾವುದು ಎಂದು ಜೋಡಿಸಲು ಹೇಳಿ. ನಿಮ್ಮ ಆಫೀಸಿನ ಸಮಾಚಾರ ಅವರಿಗೆ ಗೊತ್ತಿರಬಾರದು. ಪ್ರಶ್ನೆ, ತಾರೀಖು, ‘ಪ್ರಮೋಷನ್’ ಥರದ ಸುಳಿವು ಚೀಟಿಯಲ್ಲಿ ಉಳಿದಿದ್ದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಕಣ್ಣು ಮುಚ್ಚಿ ಜೋಡಿಸಿದರೂ ಸರಾಸರಿ ಒಂದು ಜೋಡಿ ಸರಿಯಾಗುತ್ತದೆ. ತಮಾಷೆಯೆಂದರೆ ಚೀಟಿ ಆರಿರಲಿ ಅರವತ್ತಿರಲಿ, ಆ ಸರಾಸರಿ ಒಂದೇ. ಆರರಲ್ಲಿ ನಾಲ್ಕೋ ಹೆಚ್ಚೋ ಬರೀ ಅದೃಷ್ಟದಿಂದ ಹೊಂದುವುದು ನೂರಕ್ಕೆ ಎರಡು ಸಲ ಮಾತ್ರ. ಹಾಗಾಗಿ ನಾಲ್ಕು ಬಂದರೆ ಹೊಸ ಆರು ಚೀಟಿಯಿಂದ ಇನ್ನೊಮ್ಮೆ ಮಾಡಿ ನೋಡಬಹುದು.

ಹೀಗೆ ಗುರುತು ಮುಚ್ಚಿ ಪರೀಕ್ಷಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಇದು ಜಾಣ ವಿದ್ಯಾರ್ಥಿಯದೋ ಬುದ್ಧಿಮಾಂದ್ಯ ಮಗುವಿನದೋ ಹೇಳಿ ಎಂದಿದ್ದರು. ಸರಿಯಾದ ಉತ್ತರ ಸುಮಾರು ಶೇಕಡಾ 46. ನಾಣ್ಯ ಚಿಮ್ಮಿದ್ದರೂ 50ರ ಆಸುಪಾಸು ಬರುತ್ತಿತ್ತು.

ನೋಟ್‌ಬುಕ್ ಇಟ್ಟವರು ಹೇಳುವ ಇನ್ನೊಂದು ಅಚ್ಚರಿ, ‘ಈ ಕಾರ್ಡು ನನ್ನನ್ನು ಬಿಡುತ್ತಲೇ ಇಲ್ಲ’ ಎಂಬುದು. ದಿನಕ್ಕೊಂದು ಕಾರ್ಡು ತೆಗೆದು ವಾಪಸು ಕಟ್ಟಿಗೆ ಹಾಕಿ ಕಲಸುವವರಿಗೆ 78ರಲ್ಲಿ ಯಾವುದಾದರೂ ಒಂದು ಕಾರ್ಡು ಎರಡನೆಯ ಸಲ ಬರುವ ಸಾಧ್ಯತೆ ಹನ್ನೊಂದನೇ ದಿನಕ್ಕೇ ಅರ್ಧ ದಾಟುತ್ತದೆ. ಒಂದು ತಿಂಗಳಲ್ಲಿ ಯಾವ ಕಾರ್ಡೂ ಮರುಕಳಿಸದಿದ್ದರೆ ಆಗ ಅಚ್ಚರಿಪಡಬೇಕು.

ಲೆಕ್ಕ ತಪ್ಪಿಸುವ ಕೊನೆಯ ದಾರಿ ನೋಟ್‌ಬುಕ್ಕಿನಲ್ಲಿ ಕಾಣಿಸುವುದೇ ಇಲ್ಲ. ಬಂದ ಕಾರ್ಡು ಇಷ್ಟವಾಗಲಿಲ್ಲ, ಸರಿಯಾಗಿ ಕಲಸಿರಲಿಲ್ಲ ಎಂದು ಇನ್ನೊಂದು ಸಲ ತೆಗೆಯುತ್ತೇವೆ, ಎರಡನೆಯದನ್ನು ಮಾತ್ರ ಬರೆಯುತ್ತೇವೆ. ತಪ್ಪಿಹೋದ ಭವಿಷ್ಯದ ಪುಟ ‘ಅವತ್ತು ಮನಸ್ಸು ಸರಿ ಇರಲಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಅದಕ್ಕೇ ಬಿಡಿ ಹಾಳೆ ಬೇಡ, ಪುಟಸಂಖ್ಯೆ ಇರುವ ಹೊಲಿದ ಪುಸ್ತಕವೇ ಇರಲಿ. ಪೆನ್ಸಿಲ್ ಬದಲು ಪೆನ್ನಿನಲ್ಲಿ ಬರೆಯಿರಿ. ಮತ್ತೆ ತೆಗೆದ ಕಾರ್ಡನ್ನೂ ಬರೆಯಿರಿ, ಆದರೆ ಅಂಕ ಹಾಕುವುದು ಮೊದಲು ಬಂದದ್ದಕ್ಕೆ.